ಹತ್ತನೇ ಕ್ಲಾಸ್ ಆದ್ಮೇಲೆ ಮುಂದೇನು? ಪುಸ್ತಕ ಆರಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರೌಢಶಾಲೆಯ ಗ್ರಂಥಾಲಯ ನೋಡಿಕೊಳ್ಳುವವಳು ನಾನು. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದ ಹಾಗೆ ಮಕ್ಕಳೂ ಅಪ್ಪ ಅಮ್ಮಂದಿರೂ ಬಂದು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಅವರು ಕೇಳಿದ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ.

## ಮೊದಲು ಕೇಳುವ ಪ್ರಶ್ನೆಗಳು

ಮಗನಿಗೆ ಸೈನ್ಸಾ, ಕಾಮರ್ಸಾ, ಆರ್ಟ್ಸಾ ಅಂತ ಗೊತ್ತಾಗ್ತಿಲ್ಲ. ಒಂದೇ ಒಂದು ಒಳ್ಳೇ ಪುಸ್ತಕ ಹೇಳಿ ಮೇಡಂ.

ಪ್ರಥಮ ಪಿಯುಸಿ ಪಠ್ಯಪುಸ್ತಕ. ಇದನ್ನು ಹೇಳಿದರೆ ಹೆಚ್ಚಿನವರಿಗೆ ನಿರಾಸೆಯಾಗುತ್ತದೆ. ಸ್ಫೂರ್ತಿ ಕೊಡುವ ಪುಸ್ತಕದ ಹೆಸರು ಹೇಳುತ್ತೇನೆ ಅಂದುಕೊಂಡು ಬಂದಿರುತ್ತಾರೆ. ಆದರೆ ಹುಡುಗ ಮುಂದಿನ ಎರಡು ವರ್ಷ ದಿನಾ ಕೂತು ಓದಬೇಕಾದದ್ದು ಇಂಥ ಪುಸ್ತಕಗಳನ್ನೇ ಅಲ್ವಾ? ಕಾಂಬಿನೇಷನ್ ತಗೊಂಡ ಮೇಲೆ ಜೂನ್‌ನಲ್ಲಿ ಮೊದಲ ಸಲ ತೆರೆಯುವ ಬದಲು ಅರ್ಜಿ ಹಾಕುವ ಮೊದಲೇ ಒಂದೊಂದು ಪಾಠ ಓದಿ ನೋಡಲಿ ಅಂತ ನಾನು ಹೇಳುವುದು.

ದುಡ್ಡು ಖರ್ಚು ಮಾಡಬೇಕಾಗಿಲ್ಲ. ಪಿಯು ವಿಜ್ಞಾನದ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರಕ್ಕೆ ನಡೆಯುವುದು ಎನ್‌ಸಿಇಆರ್‌ಟಿಯ ಹನ್ನೊಂದನೇ ತರಗತಿ ಪುಸ್ತಕಗಳು. ಅವು ncert.nic.in ತಾಣದಲ್ಲಿ ಪಾಠ ಪಾಠವಾಗಿ ಪುಕ್ಕಟೆ ಸಿಗುತ್ತವೆ. ಲೆಕ್ಕಶಾಸ್ತ್ರ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಮನಃಶಾಸ್ತ್ರದ ಪುಸ್ತಕಗಳೂ ಅಲ್ಲೇ ಇವೆ. ಪಕ್ಕದ ಮನೆಯಲ್ಲಿ ಪಿಯು ಮುಗಿಸಿದವರಿದ್ದರೆ ಅವರ ಹಳೇ ಪುಸ್ತಕ ಕೇಳಿ ತನ್ನಿ. ಎಡಗಡೆ ಮಾರ್ಜಿನ್‌ನಲ್ಲಿ ಅವರು ಬರೆದ ಟಿಪ್ಪಣಿ ನೋಡಿದರೂ ಆ ವಿಷಯ ಓದುವುದು ಹೇಗಿರುತ್ತದೆ ಅಂತ ಒಂದಷ್ಟು ತಿಳಿಯುತ್ತದೆ.

ಕರಿಯರ್ ಗೈಡ್ ಅಂತಾನೇ ದಪ್ಪ ಪುಸ್ತಕ ಬರುತ್ತಲ್ಲ, ಅದನ್ನ ತಗೊಂಡ್ರೆ ಸಾಕಲ್ವಾ?

ಅದು ಬೇಕು, ಆದರೆ ಅದರ ಕೆಲಸ ಬೇರೆ. ಯಾವ ಕೋರ್ಸ್ ಇದೆ, ಎಷ್ಟು ವರ್ಷ, ಯಾವ ಪ್ರವೇಶ ಪರೀಕ್ಷೆ ಅಂತ ಹುಡುಕಿ ನೋಡಲು ಅದು ಸರಿ. ಮೊದಲ ಪುಟದಿಂದ ಕೊನೆಯವರೆಗೆ ಓದಿದ ಮಗುವಿಗೆ ಗೊಂದಲ ಜಾಸ್ತಿಯೇ ಆಗುತ್ತದೆ. ಪ್ರತಿ ಕೋರ್ಸಿಗೂ ಅರ್ಧ ಪುಟದ ಹೊಗಳಿಕೆ ಇರುತ್ತದೆ, ಆ ಕೆಲಸದಲ್ಲಿ ಒಂದು ದಿನ ಹೇಗೆ ಕಳೆಯುತ್ತದೆ ಅನ್ನುವುದು ಇರುವುದಿಲ್ಲ.

ಕೊಳ್ಳುವ ಮೊದಲು ಮುದ್ರಣದ ವರ್ಷ ನೋಡಿ. ಕೆಲವು ಪುಸ್ತಕಗಳು ಹೊಸ ರಕ್ಷಾಪುಟ ಹಾಕಿಕೊಂಡು ಹಳೇ ವಿಷಯವನ್ನೇ ಹೇಳುತ್ತವೆ. ಅಂಗಡಿಯಲ್ಲಿ ನಿಂತೇ ಮೂರು ಕಡೆ ತಿರುವಿ ನೋಡಬಹುದು. ಕರ್ನಾಟಕದಲ್ಲಿ ಎಂಬಿಬಿಎಸ್ ಸೀಟು ಸಿಇಟಿ ಮೂಲಕ ಅಂತ ಬರೆದಿದ್ದರೆ ಆ ಪುಸ್ತಕ ಹಳತು. 2017ರಿಂದ ಅದಕ್ಕೆ ನೀಟ್ ರ್‍ಯಾಂಕೇ ಬೇಕು. ಸಿಎ ಓದಿನ ಮೊದಲ ಪರೀಕ್ಷೆ ಸಿಪಿಟಿ ಅಂತ ಇದ್ದರೆ ಅದೂ ಹಳತು. ಈಗ ಅದು ಫೌಂಡೇಶನ್. ಕೇಂದ್ರೀಯ ವಿಶ್ವವಿದ್ಯಾಲಯಗಳ ಪುಟದಲ್ಲಿ 2022ರಲ್ಲಿ ಶುರುವಾದ ಸಿಯುಇಟಿ ಪ್ರವೇಶ ಪರೀಕ್ಷೆಯ ಹೆಸರೇ ಇಲ್ಲದಿದ್ದರೆ ಕೆಳಗಿಡಿ. ಇನ್ನು ಹೊಸ ಪುಸ್ತಕವೇ ಆದರೂ ಫೀಸು, ದಿನಾಂಕ, ವಯಸ್ಸಿನ ಮಿತಿಯನ್ನು ಆಯಾ ಪರೀಕ್ಷೆಯ ಅಧಿಕೃತ ತಾಣದಲ್ಲೇ ನೋಡಿ.

ಆಸಕ್ತಿ ಪರೀಕ್ಷೆ ಅಂತ ಪ್ರಶ್ನಾವಳಿ ಇರೋ ಪುಸ್ತಕ ಕೊಡಲಾ?

ಕೊಡಿ, ಆದರೆ ಉತ್ತರವನ್ನು ತೀರ್ಪು ಅಂತ ತಗೊಳ್ಳಬೇಡಿ. "ನಿನಗೆ ಯಂತ್ರ ಇಷ್ಟವೇ?" ಅಂತ ಕೇಳಿದರೆ ಯಂತ್ರ ಬಿಚ್ಚಿಯೇ ನೋಡದ ಹುಡುಗಿ ಏನು ಹೇಳಬೇಕು? ಅವಳ ಉತ್ತರ ಅವಳಿಗೆ ಸಿಕ್ಕ ಅವಕಾಶವನ್ನು ಹೇಳುತ್ತದೆ, ಆಸಕ್ತಿಯನ್ನಲ್ಲ. ಅಂಕ ಕೂಡಿಸಿ ಬಂದ ಫಲಿತಾಂಶಕ್ಕಿಂತ ಯಾವ ಪ್ರಶ್ನೆಗೆ ಮಗು ತುಂಬ ಹೊತ್ತು ಯೋಚಿಸಿತು ಅನ್ನುವುದರ ಬಗ್ಗೆ ಮಾತಾಡಿದರೆ ಉಪಯೋಗ.

## ಓದಿ ನೋಡುವ ಬಗ್ಗೆ

ಪಿಯು ಪುಸ್ತಕ ಪೂರ್ತಿ ಓದೋಕೆ ಟೈಮ್ ಎಲ್ಲಿದೆ? ಯಾವ ಪಾಠ ಓದ್ಬೇಕು ಹೇಳಿ.

ಪೂರ್ತಿ ಬೇಡ. ಒಂದು ವಿಷಯಕ್ಕೆ ಒಂದು ಪಾಠ, ಅದೂ ಆ ವಿಷಯದ ನಿಜವಾದ ಸ್ವಭಾವ ಕಾಣುವ ಪಾಠ. ಸಾಮಾನ್ಯವಾಗಿ ಮೊದಲ ಪಾಠ ಪೀಠಿಕೆಯ ಹಾಗಿರುತ್ತದೆ, ಸುಮ್ನೆ ಸಲೀಸಾಗಿ ಓದಿಸಿಕೊಂಡು ಹೋಗುತ್ತದೆ. ಅದನ್ನು ನೋಡಿ ನಿರ್ಧರಿಸಿದರೆ ಮೋಸ ಹೋಗುತ್ತೀರಿ.

ಭೌತಶಾಸ್ತ್ರದಲ್ಲಿ ಸರಳರೇಖೆಯ ಮೇಲಿನ ಚಲನೆಯ ಪಾಠ ತಗೊಳ್ಳಿ. ರಸಾಯನಶಾಸ್ತ್ರದಲ್ಲಿ ಮಾತ್ರ ಮೊದಲ ಪಾಠವೇ ಸರಿ, ಯಾಕೆಂದರೆ ಮೋಲ್ ಪರಿಕಲ್ಪನೆ ಅಲ್ಲೇ ಬರುತ್ತದೆ. 18 ಗ್ರಾಂ ನೀರು ಅಂದರೆ ಒಂದು ಮೋಲ್ ಅಂತ ತಿಳಿದುಕೊಂಡು ಹಾಗಾದರೆ 45 ಗ್ರಾಂ ನೀರಲ್ಲಿ ಎಷ್ಟು ಅಂತ ಲೆಕ್ಕ ಹಾಕುವುದು ಬೇಸರವೋ ಖುಷಿಯೋ ಅಂತ ಗೊತ್ತಾಗುತ್ತದೆ. ಗಣಿತದಲ್ಲಿ ತ್ರಿಕೋನಮಿತಿ. ಹತ್ತನೇ ಕ್ಲಾಸಿನಲ್ಲಿ 90 ಡಿಗ್ರಿಗೆ ನಿಂತದ್ದು ಇಲ್ಲಿ ಅದರಾಚೆಗೂ ಹೋಗುತ್ತದೆ, ರೇಡಿಯನ್ ಬರುತ್ತದೆ.

ಜೀವಶಾಸ್ತ್ರಕ್ಕೆ ಹೂಬಿಡುವ ಸಸ್ಯಗಳ ರಚನೆಯ ಪಾಠ ಕೊಡುತ್ತೇನೆ. ಕೈಯಲ್ಲಿ ಒಂದು ದಾಸವಾಳ ಇಟ್ಟುಕೊಂಡು ಓದಬೇಕು. ಮೊಗ್ಗಿನಲ್ಲಿ ಎಸಳುಗಳು ಒಂದರ ಅಂಚಿನ ಮೇಲೆ ಇನ್ನೊಂದು ಸುತ್ತಿಕೊಂಡಿರುವುದು, ಕೇಸರಗಳೆಲ್ಲ ಸೇರಿ ಒಂದೇ ಕೊಳವೆಯಾಗಿರುವುದು, ಅದರೊಳಗಿಂದ ಶಲಾಕೆ ಹೊರಬಂದಿರುವುದು, ಎಲ್ಲವನ್ನೂ ಬ್ಲೇಡಿನಲ್ಲಿ ಸೀಳಿ ನೋಡಿ ಚಿತ್ರ ಬರೆದು ಹೆಸರು ಹಾಕಬೇಕು. ಡಾಕ್ಟರ್ ಆಗುವ ಆಸೆ ಇರುವ ಎಷ್ಟೋ ಮಕ್ಕಳಿಗೆ ಜೀವಶಾಸ್ತ್ರ ಅಂದರೆ ಇಷ್ಟೊಂದು ನೋಡುವುದು, ಇಷ್ಟೊಂದು ಹೆಸರು ನೆನಪಿಡುವುದು ಅಂತ ಗೊತ್ತೇ ಇರುವುದಿಲ್ಲ.

ಕಾಮರ್ಸಿಗೆ ಲೆಕ್ಕಶಾಸ್ತ್ರದ ವ್ಯವಹಾರಗಳ ದಾಖಲೆ ಅನ್ನುವ ಪಾಠ. ಆರ್ಟ್ಸಿಗೆ ರಾಜ್ಯಶಾಸ್ತ್ರದಲ್ಲಿ ಬರುವ ಸಂವಿಧಾನದ ಪುಸ್ತಕದಿಂದ ಹಕ್ಕುಗಳ ಪಾಠ.

ಓದಿ ನೋಡಿದೆ ಮಿಸ್. ಆದ್ರೆ ನಂಗೆ ಇಷ್ಟ ಆಯ್ತೋ ಇಲ್ವೋ ಹೇಗೆ ಗೊತ್ತಾಗೋದು?

ಒಳ್ಳೇ ಪ್ರಶ್ನೆ. ಸುಲಭವಾಗಿ ಬಂದದ್ದೇ ಇಷ್ಟ, ಕಷ್ಟವಾದದ್ದು ಇಷ್ಟವಿಲ್ಲ ಅಂತ ಮಕ್ಕಳು ತಿಳಿದುಕೊಳ್ಳುತ್ತಾರೆ. ಎರಡೂ ಬೇರೆ ಬೇರೆ. ಒಬ್ಬ ಹುಡುಗಿ ಓದಿದ ಬಗೆಯನ್ನೇ ಹೇಳುತ್ತೇನೆ.

ಅವಳಿಗೆ ಭೌತಶಾಸ್ತ್ರದಲ್ಲಿ ಅಂಕ ಕಡಿಮೆ, ಹಾಗಾಗಿ ಕಾಮರ್ಸ್ ಅಂತ ಹೆಚ್ಚುಕಡಿಮೆ ತೀರ್ಮಾನಿಸಿದ್ದಳು. ಒಂದು ವಾರಾಂತ್ಯ ಲೆಕ್ಕಶಾಸ್ತ್ರ, ಇನ್ನೊಂದು ವಾರಾಂತ್ಯ ಭೌತಶಾಸ್ತ್ರ ಓದು ಅಂದೆ. ನೋಟ್‌ಬುಕ್ಕಿನಲ್ಲಿ ಮೂರೇ ವಿಷಯ ಬರೆದಿಡಬೇಕಿತ್ತು: ಎಲ್ಲಿ ಸಿಕ್ಕಿಹಾಕಿಕೊಂಡೆ, ಆಮೇಲೆ ಏನು ಮಾಡಿದೆ, ಯಾವಾಗ ಪುಸ್ತಕ ಮುಚ್ಚಿದೆ.

ಲೆಕ್ಕಶಾಸ್ತ್ರದಲ್ಲಿ ಅವಳು ಬಿಡಿಸಿದ್ದು ಹೀಗಿತ್ತು. ಒಬ್ಬರು 50,000 ರೂಪಾಯಿ ಬಂಡವಾಳ ಹಾಕಿ ಅಂಗಡಿ ಶುರು ಮಾಡಿದರು. 20,000 ರೂಪಾಯಿಗೆ ನಗದು ಕೊಟ್ಟು ಸರಕು ತಂದರು. ಈಗ ನಗದು 30,000, ಸರಕು 20,000. ಸಾಲದ ಮೇಲೆ 10,000 ರೂಪಾಯಿಯ ಪೀಠೋಪಕರಣ ತಂದರು. ಆಸ್ತಿ 60,000 ಆಯಿತು, ಎದುರುಗಡೆ ಸಾಲ 10,000, ಬಂಡವಾಳ 50,000. ಆಮೇಲೆ 5,000 ರೂಪಾಯಿಯ ಸರಕನ್ನು 6,500ಕ್ಕೆ ನಗದಿಗೆ ಮಾರಿದರು. ನಗದು 36,500, ಸರಕು 15,000, ಪೀಠೋಪಕರಣ 10,000, ಒಟ್ಟು 61,500. ಎದುರುಗಡೆ ಸಾಲ 10,000, ಲಾಭ 1,500 ಸೇರಿ ಬಂಡವಾಳ 51,500. ಎರಡೂ ಕಡೆ ಸರಿಹೋಯಿತು. ಒಂದು ತಪ್ಪೂ ಇರಲಿಲ್ಲ. ನೋಟ್‌ಬುಕ್ಕಿನಲ್ಲಿ "ಎಲ್ಲೂ ಸಿಕ್ಕಿಹಾಕಿಕೊಳ್ಳಲಿಲ್ಲ, ಮುಗಿಸಿ ಮುಚ್ಚಿದೆ" ಅಂತಿತ್ತು. ಮತ್ತೆ ತೆರೆದಿರಲಿಲ್ಲ.

ಭೌತಶಾಸ್ತ್ರದ ಪುಟ ನೋಡಿದರೆ ತುಂಬ ಗೀಚಾಟ. ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಮೇಲಕ್ಕೆಸೆದ ಚೆಂಡು ಎಷ್ಟು ಎತ್ತರ ಹೋಗುತ್ತದೆ ಅನ್ನುವ ಲೆಕ್ಕ. ಗುರುತ್ವದ ವೇಗೋತ್ಕರ್ಷ 10 ಅಂತ ಹಿಡಿದರೆ 20 ಮೀಟರ್, ಮೇಲೆ ಹೋಗಲು 2 ಸೆಕೆಂಡು. ಇದು ಬಂತು. ತುದಿಯಲ್ಲಿ ಚೆಂಡಿನ ವೇಗ ಸೊನ್ನೆ, ಹಾಗಾದರೆ ವೇಗೋತ್ಕರ್ಷ ಎಷ್ಟು ಅನ್ನುವಲ್ಲಿ ಸೊನ್ನೆ ಅಂತ ಬರೆದು ತಪ್ಪಿದಳು. ಉತ್ತರ ಆಗಲೂ 10, ಕೆಳಮುಖವಾಗಿ. ಅದು ಅವಳಿಗೆ ಒಪ್ಪಿಗೆಯೇ ಆಗಲಿಲ್ಲ. ಮುಚ್ಚಿಟ್ಟವಳು ಮಾರನೇ ದಿನ ಬೆಳಿಗ್ಗೆ ತೆರೆದು, "ವೇಗೋತ್ಕರ್ಷವೂ ಸೊನ್ನೆಯಾದರೆ ಚೆಂಡು ಅಲ್ಲೇ ನಿಂತುಬಿಡಬೇಕಿತ್ತು" ಅಂತ ತಾನೇ ಬರೆದಿದ್ದಳು. ಅದರ ಕೆಳಗೆ ಯಾರೂ ಹೇಳದೆ ಇನ್ನೂ ಎರಡು ಲೆಕ್ಕ.

ತಪ್ಪು ಎಲ್ಲಿ ಕಡಿಮೆ ಆಯಿತು ಅಂತ ನೋಡಿದರೆ ಕಾಮರ್ಸ್ ಅನ್ನಬೇಕು. ಪುಸ್ತಕಕ್ಕೆ ವಾಪಸ್ ಯಾವುದಕ್ಕೆ ಬಂದಳು ಅಂತ ನೋಡಿದರೆ ಉತ್ತರ ಬೇರೆ. ನಾನು ಎರಡನೆಯದನ್ನೇ ನಂಬುತ್ತೇನೆ. ಅವಳು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಕಂಪ್ಯೂಟರ್ ಸೈನ್ಸ್ ಇರುವ ಪಿಸಿಎಂಸಿ ತಗೊಂಡಳು. ಇದೇ ಓದಿನಲ್ಲಿ ಇನ್ನೊಂದು ಮಗು ಅಂಗಡಿಯವರು 2,000 ರೂಪಾಯಿ ಮನೆಖರ್ಚಿಗೆ ತಗೊಂಡರೆ ಏನಾಗುತ್ತದೆ ಅಂತ ತಾನಾಗಿ ಕೇಳಿದರೆ, ಆ ಮಗುವಿಗೆ ಕಾಮರ್ಸ್ ಅಂತಲೇ ಹೇಳುತ್ತೇನೆ.

ಈ ಪ್ರಯೋಗಕ್ಕೊಂದು ಮಿತಿಯಿದೆ. ಒಂದು ಪಾಠ ಓದಿದರೆ ವಿಷಯದ ರುಚಿ ಗೊತ್ತಾಗುತ್ತದೆ, ನಾಲ್ಕು ವಿಷಯ ಮತ್ತು ಎರಡು ಭಾಷೆ ಒಟ್ಟಿಗೆ ಓದುವಾಗಿನ ಭಾರ ಗೊತ್ತಾಗುವುದಿಲ್ಲ. ಅದಕ್ಕೆ ಈಗ ಪಿಯು ಓದುತ್ತಿರುವ ಯಾರ ಹತ್ತಿರವಾದರೂ ಅವರ ಒಂದು ವಾರದ ಓದು ಹೇಗಿರುತ್ತದೆ ಅಂತ ಕೇಳಬೇಕು.

ನಾನು ಕನ್ನಡ ಮೀಡಿಯಂ. ಪಿಯು ಸೈನ್ಸ್ ಬುಕ್ ತೆಗೆದ್ರೆ ಒಂದು ಪುಟಾನೂ ಅರ್ಥ ಆಗಲ್ಲ. ನಂಗೆ ಸೈನ್ಸ್ ಬೇಡ ಅಂತಾನಾ?

ಅಲ್ಲ. ನಿಮಗೆ ತೊಡಕಾಗಿರುವುದು ಇಂಗ್ಲಿಷೋ ವಿಜ್ಞಾನವೋ ಅನ್ನುವುದನ್ನು ಮೊದಲು ಬೇರ್ಪಡಿಸಬೇಕು. ಇದನ್ನು ಮಾಡದೆ ಎಷ್ಟೋ ಒಳ್ಳೇ ಮಕ್ಕಳು ತಮಗೆ ವಿಜ್ಞಾನ ಬರುವುದಿಲ್ಲ ಅಂದುಕೊಂಡು ಬಿಟ್ಟುಬಿಡುತ್ತಾರೆ. ನನಗೆ ಇದರಷ್ಟು ಬೇಸರ ತರಿಸುವುದು ಬೇರೆ ಇಲ್ಲ.

ದಾರಿ ಸರಳ. ನಿಮ್ಮ ಹತ್ತನೇ ತರಗತಿ ವಿಜ್ಞಾನ ಪುಸ್ತಕದ ಇಂಗ್ಲಿಷ್ ಮಾಧ್ಯಮದ ಪ್ರತಿ ತಗೊಳ್ಳಿ. ಗೆಳೆಯರ ಹತ್ತಿರ ಸಿಗುತ್ತದೆ, ಇಲ್ಲವೇ ಕರ್ನಾಟಕ ಪಠ್ಯಪುಸ್ತಕ ಸಂಘದ ತಾಣದಲ್ಲಿದೆ. ನಿಮಗೆ ಚೆನ್ನಾಗಿ ಬರುವ ಒಂದು ಪಾಠವನ್ನು, ಉದಾಹರಣೆಗೆ ವಿದ್ಯುಚ್ಛಕ್ತಿಯನ್ನು, ಎರಡೂ ಪುಸ್ತಕ ಅಕ್ಕಪಕ್ಕ ಇಟ್ಟುಕೊಂಡು ಓದಿ. ವಿಭವಾಂತರಕ್ಕೆ ಪೊಟೆನ್ಷಿಯಲ್ ಡಿಫರೆನ್ಸ್, ರೋಧಕ್ಕೆ ರೆಸಿಸ್ಟೆನ್ಸ್ ಅಂತ ಒಂದು ಪಟ್ಟಿ ಮಾಡಿ. ವಿಷಯ ಮೊದಲೇ ಗೊತ್ತಿರುವುದರಿಂದ ತಲೆಗೆ ಇಂಗ್ಲಿಷಿನ ಭಾರ ಮಾತ್ರ ಬೀಳುತ್ತದೆ.

ಆಮೇಲೆ ಪಿಯು ಪುಸ್ತಕದ ಒಂದೇ ಒಂದು ಬಿಡಿಸಿದ ಉದಾಹರಣೆ ತಗೊಳ್ಳಿ. ಅದರ ಅರ್ಥವನ್ನು ಯಾರಾದರೂ ಕನ್ನಡದಲ್ಲಿ ಹೇಳಲಿ. ಅರ್ಥ ಹೇಳಿದ ಮೇಲೆ ಲೆಕ್ಕವನ್ನು ನೀವೇ ಮಾಡಿದರೆ ತೊಡಕು ಭಾಷೆಯದು. ಅದು ರೂಢಿಯಿಂದ ಹೋಗುತ್ತದೆ. ಕನ್ನಡದಲ್ಲಿ ಎರಡು ಸಲ ಹೇಳಿದರೂ ಮುಂದಿನ ಹೆಜ್ಜೆ ಹೊಳೆಯದಿದ್ದರೆ, ಹೊಳೆಯಬೇಕು ಅಂತಲೂ ಅನಿಸದಿದ್ದರೆ, ಆಗ ವಿಷಯದ ಬಗ್ಗೆ ಯೋಚಿಸಿ. ಪರೀಕ್ಷೆ ಮುಗಿದು ಫಲಿತಾಂಶ ಬರುವವರೆಗಿನ ವಾರಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿರುತ್ತವೆ.

ಆರ್ಟ್ಸ್ ತಗೋಬೇಕು ಅಂತ ಆಸೆ, ಆದ್ರೆ ಅದ್ರಲ್ಲಿ ಏನಿದೆ ಅಂತ ಮನೇಲಿ ಕೇಳ್ತಾರೆ. ಅವ್ರಿಗೆ ಯಾವ ಪುಸ್ತಕ ತೋರಿಸ್ಲಿ?

ಮನೆಯವರಿಗೆ ತೋರಿಸುವ ಮೊದಲು ನೀವು ಓದಿ. ಹಕ್ಕುಗಳ ಪಾಠ ಓದಿದ ಮೇಲೆ ಒಂದು ವಾರ ಪತ್ರಿಕೆ ನೋಡಿ. ಯಾವ ಸುದ್ದಿ ಯಾವ ಹಕ್ಕಿಗೆ ಸಂಬಂಧಪಟ್ಟಿದೆ ಅಂತ ಕತ್ತರಿಸಿ ಅಂಟಿಸಿ, ಎರಡೆರಡು ಸಾಲು ಬರೆಯಿರಿ. ಬರೆಯುವುದು ಇಷ್ಟವಾದರೆ ನಿಮ್ಮ ಆಸೆ ಗಟ್ಟಿ. ಸೈನ್ಸಿನಿಂದ ತಪ್ಪಿಸಿಕೊಳ್ಳಲು ಮಾತ್ರ ಆರ್ಟ್ಸ್ ಅಂದುಕೊಂಡಿದ್ದರೆ ಈ ಬರವಣಿಗೆಯಲ್ಲೇ ಗೊತ್ತಾಗಿಬಿಡುತ್ತದೆ, ಯಾಕೆಂದರೆ ಅಲ್ಲಿ ಪುಟಗಟ್ಟಲೆ ಬರೆಯಬೇಕು. ಮನೆಯವರಿಗೆ ಆ ನೋಟ್‌ಬುಕ್ಕನ್ನೇ ತೋರಿಸಿ. ಜೊತೆಗೆ ಐದು ವರ್ಷದ ಕಾನೂನು ಪದವಿಗೆ ಯಾವ ಕಾಂಬಿನೇಷನ್ ಆದರೂ ಆಗುತ್ತದೆ, ಯುಪಿಎಸ್‌ಸಿಯ ನಾಗರಿಕ ಸೇವಾ ಪರೀಕ್ಷೆಗೆ ಯಾವ ಪದವಿ ಆದರೂ ಸಾಕು ಅಂತ ಹೇಳಿ.

## ಇನ್ನೂ ಸ್ವಲ್ಪ ಮುಂದೆ

ಸಾಧಕರ ಜೀವನಚರಿತ್ರೆ ಓದ್ಸಿದ್ರೆ ತಾನಾಗೇ ಗುರಿ ಬರುತ್ತೆ ಅಂತಾರೆ. ಹೌದಾ?

ಓದುವ ಬಗೆ ಸರಿಯಿದ್ದರೆ ಹೌದು. ಗೆದ್ದ ಭಾಗ ಬಿಟ್ಟು ಹದಿನೈದರಿಂದ ಇಪ್ಪತ್ತೈದರ ವಯಸ್ಸಿನ ಪುಟಗಳನ್ನು ನಿಧಾನವಾಗಿ ಓದಿಸಿ. ಅಬ್ದುಲ್ ಕಲಾಂ ಅವರ 'ವಿಂಗ್ಸ್ ಆಫ್ ಫೈರ್' ಎಲ್ಲರ ಮನೆಯಲ್ಲೂ ಇರುತ್ತದೆ. ಅವರು ಮೊದಲು ತಿರುಚ್ಚಿಯಲ್ಲಿ ಭೌತಶಾಸ್ತ್ರದ ಪದವಿ ಓದಿದರು. ತನಗೆ ಬೇಕಾಗಿದ್ದದ್ದು ಎಂಜಿನಿಯರಿಂಗ್ ಅಂತ ಆಮೇಲೆ ಗೊತ್ತಾಗಿ ಮದ್ರಾಸಿಗೆ ಹೋಗಿ ಏರೋನಾಟಿಕಲ್ ಸೇರಿದರು. ವಾಯುಪಡೆಯ ಪೈಲಟ್ ಆಗುವ ಆಯ್ಕೆಯಲ್ಲಿ ಒಂಬತ್ತನೆಯವರಾದರು, ತಗೊಂಡದ್ದು ಎಂಟೇ ಜನರನ್ನು. ಹಕ್ಕಿಗಳ ತಜ್ಞ ಸಲೀಂ ಅಲಿ ಕಾಲೇಜನ್ನು ಅರ್ಧಕ್ಕೆ ಬಿಟ್ಟು ಬರ್ಮಾಕ್ಕೆ ಹೋದವರು. ವಾಪಸ್ ಬಂದ ಮೇಲೆ ಲೆಕ್ಕಪತ್ರ ಮತ್ತು ವಾಣಿಜ್ಯ ಕಾನೂನು ಓದಿದರು, ಪ್ರಾಣಿಶಾಸ್ತ್ರವನ್ನೂ ಓದಿದರು. ಒಂದು ಸಲ ತಪ್ಪಿದರೆ ಎಲ್ಲ ಮುಗಿಯಿತು ಅಂತ ಹೆದರಿರುವ ಮಗುವಿಗೆ ಈ ಪುಟಗಳು ಬೇಕು.

ಕೆಲಸ ಹೇಗಿರುತ್ತದೆ ಅಂತ ತೋರಿಸುವ ಪುಸ್ತಕ ಇನ್ನೂ ಒಳ್ಳೆಯದು. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಕೊಡಿ. ಮೇಷ್ಟ್ರು ವಿದ್ಯಾರ್ಥಿಗಳನ್ನು ಕಾಡಿಗೆ ಕರೆದುಕೊಂಡು ಹೋಗಿ ಗಿಡ ಗುರುತಿಸುವುದು ಅಲ್ಲಿ ಬರುತ್ತದೆ. ಯಾವುದೇ ಜೀವನಚರಿತ್ರೆ ಆರಿಸುವಾಗಲೂ ನಡುವಿನ ಒಂದು ಪುಟ ತೆರೆದು ನೋಡಿ. ಆ ಮನುಷ್ಯ ಅಲ್ಲಿ ಯಾವುದಾದರೂ ಕೆಲಸ ಮಾಡುತ್ತಿದ್ದರೆ ತಗೊಳ್ಳಿ. ಬರೀ ಸನ್ಮಾನ, ಭಾಷಣ ಇದ್ದರೆ ಬಿಡಿ.

ಮಗನಿಗೆ ಪುಸ್ತಕ ಹಿಡಿದ್ರೆ ನಿದ್ದೆ. ಸ್ಕ್ರೂಡ್ರೈವರ್ ಕೊಟ್ರೆ ಇಡೀ ದಿನ ಕೂರ್ತಾನೆ. ಇಂಥವರಿಗೂ ಪುಸ್ತಕ ಇದ್ಯಾ?

ಇದೆ. ಐಟಿಐ ಟ್ರೇಡ್‌ಗಳಿಗಾಗಿ ಚೆನ್ನೈನಲ್ಲಿರುವ ನಿಮಿ ಸಂಸ್ಥೆ ಪುಸ್ತಕಗಳನ್ನು ತರುತ್ತದೆ. ಪ್ರತಿ ಟ್ರೇಡಿಗೂ ಥಿಯರಿ ಪುಸ್ತಕ ಬೇರೆ, ಪ್ರಾಕ್ಟಿಕಲ್ ಪುಸ್ತಕ ಬೇರೆ. ಪ್ರಾಕ್ಟಿಕಲ್ ಪುಸ್ತಕವನ್ನೇ ಮೊದಲು ಕೊಡಿ. ಎಲೆಕ್ಟ್ರಿಷಿಯನ್, ಫಿಟ್ಟರ್ ಅಂತ ಟ್ರೇಡ್ ನೋಡಿ ತಗೊಳ್ಳಬಹುದು. ಚಿತ್ರ, ಅಳತೆ, ಹೆಜ್ಜೆ ಹೆಜ್ಜೆಯ ಕೆಲಸ ಇರುತ್ತದೆ. ಚಿತ್ರ ನೋಡಿ ಕೆಲಸದ ಅನುಕ್ರಮ ಹೇಳುತ್ತಾನಾ ಅಂತ ನೋಡಿ. ವಿದ್ಯುತ್ತಿನ ಕೆಲಸವನ್ನು ಮಾತ್ರ ಮನೆಯಲ್ಲಿ ಒಬ್ಬನೇ ಮಾಡಿ ನೋಡಲು ಬಿಡಬೇಡಿ.

ಡಿಪ್ಲೊಮಾ ಕೂಡ ಇಂಥ ಮಕ್ಕಳಿಗೆ ಒಳ್ಳೇ ದಾರಿ. ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷ. ಮುಗಿಸಿದವರು ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ ನೇರ ಸೇರಬಹುದು, ಅದಕ್ಕೆ ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಇದೆ. ಆದರೆ ಅಲ್ಲೂ ಗಣಿತ ತಪ್ಪುವುದಿಲ್ಲ.

ಈಗಲೇ ನೀಟ್, ಜೆಇಇ ಪುಸ್ತಕ ತಂದು ಕೊಟ್ರೆ ಅವನಿಗಾಗುತ್ತಾ ಇಲ್ವಾ ಗೊತ್ತಾಗಲ್ವಾ?

ಗೊತ್ತಾಗುವುದಿಲ್ಲ. ಆ ಪುಸ್ತಕಗಳಲ್ಲಿ ಪಿಯು ಎರಡೂ ವರ್ಷದ ಪಾಠ ಮುಗಿಸಿದವರಿಗಾಗಿ ಪ್ರಶ್ನೆಗಳಿರುತ್ತವೆ. ಹತ್ತನೇ ಕ್ಲಾಸಿನ ಮಗು ಅದರಲ್ಲಿ ಸೋತರೆ ಅದಕ್ಕೆ ವಿಜ್ಞಾನ ಆಗುವುದಿಲ್ಲ ಅಂತ ಅರ್ಥವಲ್ಲ, ಪಾಠ ಇನ್ನೂ ಆಗಿಲ್ಲ ಅಂತ ಅರ್ಥ. ಕಾಂಬಿನೇಷನ್ ತೀರ್ಮಾನವಾದ ಮೇಲೆ, ಆಯಾ ಪಾಠ ಮುಗಿದ ಮೇಲೆ ಅದರ ಪ್ರಶ್ನೆಗಳನ್ನು ತೆಗೆಯಲಿ.

ಇಷ್ಟೆಲ್ಲ ಓದಿದ್ಮೇಲೂ ಎರಡರ ಮಧ್ಯೆ ಸಿಕ್ಕಿಹಾಕ್ಕೊಂಡಿದ್ದೀನಿ. ತಗೊಂಡ್ಮೇಲೆ ಬದಲಾಯಿಸ್ಬಹುದಾ?

ಯಾವ ಕಡೆಯಿಂದ ಯಾವ ಕಡೆಗೆ ಅನ್ನುವುದರ ಮೇಲೆ ಹೋಗುತ್ತದೆ. ಸೈನ್ಸ್ ಓದಿದವರು ಆಮೇಲೆ ಬಿಕಾಂ, ಬಿಎ, ಕಾನೂನು, ಸಿಎ ಯಾವುದಕ್ಕಾದರೂ ಹೋಗಬಹುದು. ಕಾಮರ್ಸ್, ಆರ್ಟ್ಸ್ ಓದಿದವರಿಗೆ ಪಿಯು ಆದ ಮೇಲೆ ಎಂಜಿನಿಯರಿಂಗ್, ಮೆಡಿಕಲ್ ಇಲ್ಲ. ಎಂಜಿನಿಯರಿಂಗಿಗೆ ಭೌತಶಾಸ್ತ್ರ, ಗಣಿತ ಬೇಕೇ ಬೇಕು. ನೀಟ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕು. ಕಂಪ್ಯೂಟರ್ ಸೈನ್ಸ್ ಬದಲು ಜೀವಶಾಸ್ತ್ರ ಇರುವ ಪಿಸಿಎಂಬಿಯಲ್ಲಿ ಎರಡೂ ದಾರಿ ತೆರೆದಿರುತ್ತವೆ, ಪಿಸಿಎಂಸಿ ತಗೊಂಡರೆ ಮೆಡಿಕಲ್‌ಗೆ ಬೇಕಾದ ಜೀವಶಾಸ್ತ್ರ ಇರುವುದಿಲ್ಲ.

ಇದನ್ನು ಕೇಳಿ ಎಲ್ಲರೂ "ಹಾಗಾದ್ರೆ ಪಿಸಿಎಂಬಿನೇ ಸೇಫ್" ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ದಾರಿ ತೆರೆದಿರಲಿ ಅಂತ ಮಾತ್ರ ತಗೊಂಡು, ಎರಡು ವರ್ಷ ಇಷ್ಟವಿಲ್ಲದ್ದನ್ನು ಓದಿ, ಕಡಿಮೆ ಅಂಕ ತಂದರೆ ಕಾಗದದ ಮೇಲೆ ತೆರೆದಿದ್ದ ದಾರಿಯೂ ಕೈಗೆ ಸಿಗುವುದಿಲ್ಲ. ಭೌತಶಾಸ್ತ್ರ ಮತ್ತು ಲೆಕ್ಕಶಾಸ್ತ್ರ ಎರಡಕ್ಕೂ ನೀವು ವಾಪಸ್ ಬಂದಿದ್ದರೆ ಸೈನ್ಸ್ ತಗೊಳ್ಳಿ, ಕಾಮರ್ಸ್ ಆಮೇಲೂ ಸಿಗುತ್ತದೆ. ಭೌತಶಾಸ್ತ್ರದ ಪುಸ್ತಕ ಅಪ್ಪ ಹೇಳಿದಾಗ ಮಾತ್ರ ತೆರೆದಿದ್ದರೆ ಕಾಮರ್ಸ್ ತಗೊಳ್ಳಿ, ಜೊತೆಗೆ ಸಂಖ್ಯಾಶಾಸ್ತ್ರವೋ ಬೇಸಿಕ್ ಮ್ಯಾಥ್ಸೋ ಇರುವ ಕಾಂಬಿನೇಷನ್ ಆ ಕಾಲೇಜಿನಲ್ಲಿ ಸಿಗುತ್ತದಾ ಅಂತ ಅರ್ಜಿ ಹಾಕುವ ಮೊದಲೇ ಕೇಳಿ. ಎಲ್ಲ ಕಾಲೇಜಿನಲ್ಲೂ ಎಲ್ಲ ಕಾಂಬಿನೇಷನ್ ಇರುವುದಿಲ್ಲ. ಮೊದಲ ಕೆಲವು ವಾರಗಳಲ್ಲಿ ಬದಲಾಯಿಸಬೇಕು ಅನಿಸಿದರೆ ತಡಮಾಡದೆ ಪ್ರಾಂಶುಪಾಲರ ಹತ್ತಿರ ಹೋಗಿ. ಸೀಟು ಖಾಲಿಯಿದ್ದು ದಾಖಲಾತಿ ಇನ್ನೂ ನಡೆಯುತ್ತಿದ್ದರೆ ಬದಲಾಯಿಸಿಕೊಡುವ ಅವಕಾಶವಿರುತ್ತದೆ, ಮಧ್ಯವಾರ್ಷಿಕ ಪರೀಕ್ಷೆ ಹೊತ್ತಿಗೆ ಹೋದರೆ ಒಂದು ವರ್ಷವೇ ಬಿಡಬೇಕಾಗಬಹುದು.